ಮೊದಲ ಮೆಸೇಜೇ ಮಾರುದ್ದ ಬಂದರೆ ಚಿಕ್ಕದಾಗಿ, ಚೊಕ್ಕವಾಗಿ ಉತ್ತರಿಸುವುದು ಹೇಗೆ?

ಡೇಟಿಂಗ್ ಆ್ಯಪ್ ಬಗ್ಗೆ ಬರೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ಮ್ಯಾಚ್ ಆಯ್ತು, ಆ ಕಡೆಯಿಂದ ಮೊದಲ ಮೆಸೇಜೇ ನಾಲ್ಕು ಪ್ಯಾರಾ ಬಂದಿದೆ. ಮನುಷ್ಯ ಒಳ್ಳೆಯವರ ಹಾಗೆ ಕಾಣ್ತಾರೆ. ನಾನೂ ಅಷ್ಟೇ ಉದ್ದ ಬರೀಬೇಕಾ? ಚಿಕ್ಕದಾಗಿ ಬರೆದ್ರೆ ಆಸಕ್ತಿ ಇಲ್ಲ ಅಂದ್ಕೊಳ್ತಾರಾ?"

ಅಷ್ಟು ಉದ್ದ ಬರೆಯುವ ಅಗತ್ಯವಿಲ್ಲ. ಆದರೆ ಚಿಕ್ಕದಾಗಿ ಬರೆಯುವುದಕ್ಕೂ ಕಾಟಾಚಾರಕ್ಕೆ ಬರೆಯುವುದಕ್ಕೂ ವ್ಯತ್ಯಾಸ ಇದೆ. ಈ ಲೇಖನ ಅದರ ಬಗ್ಗೆಯೇ. ಎರಡೂ ಕಡೆಯವರು ಬಲಕ್ಕೆ ಸ್ವೈಪ್ ಮಾಡಿ ಒಪ್ಪಿಕೊಂಡರೆ ಅದು ಮ್ಯಾಚ್, ಇದು ಎಲ್ಲರಿಗೂ ಗೊತ್ತು. 'ಎನರ್ಜಿ ಮ್ಯಾಚ್ ಮಾಡು' ಅಂತ ಹುಡುಗ ಹುಡುಗಿಯರು ಹೇಳುವುದು ಬೇರೆ. ಎದುರಿನವರು ಎಷ್ಟು ಮನಸ್ಸಿಟ್ಟು ಮಾತಾಡುತ್ತಿದ್ದಾರೋ ನೀವೂ ಅಷ್ಟೇ ಮನಸ್ಸಿಟ್ಟು ಮಾತಾಡುವುದು ಅಂತ ಅದರ ಅರ್ಥ. ಆ ಮನಸ್ಸು ಕಾಣಿಸುವುದು ಮೂರು ಕಡೆ: ಅವರು ಬರೆದದ್ದನ್ನು ನೀವು ನಿಜವಾಗಿ ಓದಿದ್ದೀರಿ, ನಿಮ್ಮದೂ ಏನೋ ಒಂದು ಹೇಳಿದ್ದೀರಿ, ಮುಂದಿನ ಮಾತಿಗೆ ಜಾಗ ಬಿಟ್ಟಿದ್ದೀರಿ. ಈ ಮೂರಕ್ಕೂ ಐದಾರು ಸಾಲು ಸಾಕು.

ಅಷ್ಟೇ ಉದ್ದ ಬರೆದರೆ ಏನು ತೊಂದರೆ ಅಂತ ಕೇಳಬಹುದು. ಅವರು ಆರು ವಿಷಯ ಎತ್ತಿರುತ್ತಾರೆ. ನೀವು ಆರಕ್ಕೂ ಉತ್ತರ ಕೊಟ್ಟು, ಮರ್ಯಾದೆಗೆ ಒಂದೊಂದು ಪ್ರಶ್ನೆಯನ್ನೂ ಕೇಳುತ್ತೀರಿ. ಮುಂದಿನ ಸಲ ಅವರು ಆರು ಉತ್ತರ ಬರೆದು, ಜೊತೆಗೆ ಹೊಸದಾಗಿ ಎರಡು ವಿಷಯ ಸೇರಿಸುತ್ತಾರೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಚಾಟ್ ಅನ್ನೋದು ಪ್ರಶ್ನೆಪತ್ರಿಕೆ ಆಗಿಬಿಡುತ್ತದೆ. ಆಮೇಲೆ 'ಆರಾಮಾಗಿ ಕೂತು ಬರೀತೀನಿ' ಅಂತ ಮುಂದಕ್ಕೆ ಹಾಕುವುದು ಶುರು. ಒಬ್ಬರು ನಾಲ್ಕು ದಿನ ತಡ ಮಾಡುತ್ತಾರೆ, ಇನ್ನೊಬ್ಬರು ಬೇಜಾರಾಗಿ ಸುಮ್ಮನಾಗುತ್ತಾರೆ. ಜಗಳ ಇಲ್ಲ, ಕಾರಣ ಇಲ್ಲ, ಮಾತು ನಿಂತುಹೋಗುತ್ತದೆ.

ಶುರು ಮಾಡುವ ಮುಂಚೆ

ಹತ್ತು ಹದಿನೈದು ನಿಮಿಷ ಬೇಕು, ಅವರ ಪ್ರೊಫೈಲ್ ತೆರೆದಿರಬೇಕು. ಆ್ಯಪ್‌ನ ಗಡುವೂ ಗೊತ್ತಿರಲಿ. ಬಂಬಲ್‌ನಲ್ಲಿ ಮೊದಲ ಮೆಸೇಜಿಗೆ 24 ಗಂಟೆಯೊಳಗೆ ಉತ್ತರ ಕೊಡದಿದ್ದರೆ ಮ್ಯಾಚೇ ಹೋಗಿಬಿಡುತ್ತದೆ. ಹಾಗಾಗಿ ಅಲ್ಲಿ 'ಭಾನುವಾರ ಬರೆಯೋಣ' ಅನ್ನೋದು ನಡೆಯುವುದಿಲ್ಲ. ಹಿಂಜ್‌ನಲ್ಲಿ ಇಂಥ ಗಡುವಿಲ್ಲ. ಆದರೂ ಅಷ್ಟು ಉದ್ದ ಬರೆದವರು ಪದೇ ಪದೇ ಫೋನ್ ತೆಗೆದು ನೋಡುತ್ತಿರುತ್ತಾರೆ ಅನ್ನೋದು ನೆನಪಿರಲಿ. ನಾಲ್ಕು ದಿನ ಬಿಟ್ಟು ಬರುವ ಸೊಗಸಾದ ಉತ್ತರಕ್ಕಿಂತ ಅದೇ ದಿನ ಸಂಜೆ ಬರುವ ಸಾಧಾರಣ ಉತ್ತರವೇ ವಾಸಿ.

ಹಂತ 1: ಇದು ನಿಮಗೇ ಬರೆದದ್ದಾ ಅಂತ ನೋಡಿ

ಮೆಸೇಜನ್ನು ಎರಡು ಸಲ ಓದಿ. ಎರಡನೇ ಸಲ ಓದುವಾಗ ನಿಮ್ಮ ಹೆಸರನ್ನು ತೆಗೆದು ಬೇರೆ ಯಾರದ್ದಾದರೂ ಹೆಸರು ಹಾಕಿಕೊಳ್ಳಿ. ಆಗಲೂ ಒಂದು ಅಕ್ಷರ ಬದಲಾಯಿಸದೆ ಮೆಸೇಜ್ ಸರಿಹೊಂದುತ್ತದೆ ಅಂದರೆ ಅದು ಕಾಪಿ ಮಾಡಿ ಹತ್ತಾರು ಜನಕ್ಕೆ ಕಳಿಸಿದ್ದು ಇರಬಹುದು. ನಿಮಗೇ ಬರೆದದ್ದಾದರೆ ನಿಮ್ಮ ಫೋಟೋ, ಬಯೋ ಅಥವಾ ಪ್ರಾಂಪ್ಟ್‌ನ ಯಾವುದಾದರೂ ಒಂದು ವಿಷಯ ಅದರಲ್ಲಿ ಇದ್ದೇ ಇರುತ್ತದೆ. ಬಯೋ ಅಂದರೆ ನಿಮ್ಮ ಬಗ್ಗೆ ನೀವು ಬರೆದ ನಾಲ್ಕು ಸಾಲು. ಪ್ರಾಂಪ್ಟ್ ಅಂದರೆ ಆ್ಯಪ್ ಕೊಡುವ ಸಿದ್ಧ ಪ್ರಶ್ನೆ ಮತ್ತು ಅದಕ್ಕೆ ನೀವು ಕೊಟ್ಟ ಉತ್ತರ.

ಕಾಪಿ ಮೆಸೇಜ್ ಅಂದ ಕೂಡಲೇ ಕೆಟ್ಟ ಮನುಷ್ಯ ಅಂದುಕೊಳ್ಳಬೇಡಿ. ನಾಚಿಕೆ ಸ್ವಭಾವದವರು ಒಮ್ಮೆ ಕಷ್ಟಪಟ್ಟು ತಮ್ಮ ಪರಿಚಯ ಬರೆದಿಟ್ಟುಕೊಂಡು ಅದನ್ನೇ ಎಲ್ಲರಿಗೂ ಕಳಿಸುವುದುಂಟು. ಆದರೆ ಅದಕ್ಕೆ ನೀವು ಕೂತು ಉತ್ತರ ಬರೆಯುವುದು ಬೇಡ. "ಪರಿಚಯ ಓದಿದೆ. ನನ್ನ ಪ್ರೊಫೈಲ್‌ನಲ್ಲಿ ಏನು ನೋಡಿ ಮೆಸೇಜ್ ಮಾಡಿದ್ರಿ?" ಅಂತ ಒಂದೇ ಸಾಲು ಕೇಳಿ. ನಿಜವಾಗಿ ಆಸಕ್ತಿ ಇರುವವರು ಹೋಗಿ ನೋಡಿಕೊಂಡು ಬಂದು ಉತ್ತರ ಕೊಡುತ್ತಾರೆ.

ಇನ್ನೊಂದು ಥರದ ಉದ್ದ ಮೆಸೇಜ್ ಬಗ್ಗೆ ಎಚ್ಚರ ಇರಲಿ. ನಿಮ್ಮ ಅಂದವನ್ನು ಹೊಗಳಿ ಹೊಗಳಿ, ವಿದೇಶದ ಕೆಲಸ, ಒಂಟಿ ಬದುಕು ಅಂತ ಕಥೆ ಹೇಳಿ, ಕೊನೆಯಲ್ಲಿ 'ಈ ಆ್ಯಪ್ ಜಾಸ್ತಿ ನೋಡಲ್ಲ, ವಾಟ್ಸಾಪ್ ನಂಬರ್ ಕೊಡಿ' ಅನ್ನುವುದು. ನಂಬರ್ ಕೊಡಬೇಡಿ, ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ಆಗಲೇ ದುಡ್ಡು ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮೆಸೇಜ್ ನಿಜವಾದದ್ದೇ, ಆದರೆ ನಿಮಗೆ ಆಸಕ್ತಿ ಇಲ್ಲ ಅನ್ನಿಸಿದರೆ ಇಲ್ಲೇ ಮುಗಿಸಿ. "ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ನಮ್ಮಿಬ್ಬರಿಗೆ ಹೊಂದಲ್ಲ ಅನ್ಸುತ್ತೆ. ಒಳ್ಳೇದಾಗ್ಲಿ." ಅಷ್ಟು ಬರೆದವರಿಗೆ ಈ ಸಾಲಾದರೂ ಸಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ.

ಹಂತ 2: ಮೆಸೇಜನ್ನು ಬಿಡಿಸಿಕೊಳ್ಳಿ

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಇದು ನಾನೇ ಕಟ್ಟಿದ ಮೆಸೇಜ್, ಆದರೆ ಇಂಥವು ಬರುವುದೇ ಹೀಗೆ. ಓದುತ್ತಿರುವವರು ತೀರ್ಥಹಳ್ಳಿ ಕಡೆಯ ಹುಡುಗಿ, ಈಗ ಬೆಂಗಳೂರಲ್ಲಿದ್ದಾರೆ ಅಂದುಕೊಳ್ಳಿ.

"ನಮಸ್ಕಾರ! ನಿಮ್ಮ ಎರಡನೇ ಫೋಟೋ ಕವಲೇದುರ್ಗದ್ದು ಅಲ್ವಾ? ಹಿಂದಿರೋ ಕೋಟೆ ಗೋಡೆ ನೋಡಿದ ಕೂಡಲೇ ಗೊತ್ತಾಯ್ತು. ನಾನು ಹೋದ ದಿನ ಎಂಥಾ ಮಳೆ ಅಂದ್ರೆ, ತುದಿಗೆ ಹೋದ್ರೂ ಮಂಜು ಬಿಟ್ಟು ಏನೂ ಕಾಣ್ಲಿಲ್ಲ. ನನ್ನೂರು ಶಿರಸಿ ಹತ್ರ. ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಚಿಕ್ಕವನಿದ್ದಾಗ ಅಜ್ಜನ ಜೊತೆ ರಾತ್ರಿಯಿಡೀ ಯಕ್ಷಗಾನ ನೋಡ್ತಿದ್ದೆ, ಈಗ ಹತ್ತು ಗಂಟೆಗೇ ನಿದ್ದೆ ಬರುತ್ತೆ. ಅಡುಗೆ ಮಾಡ್ತೀನಿ, ಆದ್ರೆ ಒಂದೆಲಗದ ತಂಬುಳಿ ಮಾತ್ರ ಎಷ್ಟು ಸಲ ಮಾಡಿದ್ರೂ ಅಮ್ಮನ ಥರ ಬರಲ್ಲ. 'ಭಾನುವಾರ ಬೆಳಗ್ಗೆ ನನ್ನನ್ನ ಎಬ್ಬಿಸಬೇಡಿ' ಅಂತ ಬರೆದಿದ್ದೀರಲ್ಲ, ಓದಿ ನಗು ಬಂತು. ನಾನು ಉಲ್ಟಾ, ಆರು ಗಂಟೆಗೆ ಲಾಲ್‌ಬಾಗ್‌ನಲ್ಲಿರ್ತೀನಿ. ಹೋದ ವರ್ಷ ಒಂದು ಹಳೇ ಸಂಬಂಧ ಮುರಿದುಬಿತ್ತು. ಸುಧಾರಿಸ್ಕೊಳ್ಳೋಕೆ ಟೈಮ್ ಬೇಕಾಯ್ತು. ಈಗ ಸೀರಿಯಸ್ ಆಗಿ ಯಾರನ್ನಾದ್ರೂ ತಿಳ್ಕೊಳ್ಳೋಣ ಅಂತ ಬಂದಿದ್ದೀನಿ. ನೀವು ಏನು ಹುಡುಕ್ತಿದ್ದೀರಿ? ಟ್ರೆಕ್ಕಿಂಗ್ ಜಾಸ್ತಿ ಮಾಡ್ತೀರಾ? ನಿಮ್ಮೂರು ಯಾವ್ದು? ಅಯ್ಯೋ, ತುಂಬಾ ಬರೆದುಬಿಟ್ಟೆ, ಸಾರಿ!"

ಇದನ್ನು ನಾಲ್ಕು ಗುಂಪು ಮಾಡಿ. ನಿಮ್ಮನ್ನು ನೋಡಿ ಹೇಳಿದ್ದು: ಕವಲೇದುರ್ಗ, ಭಾನುವಾರದ ನಿದ್ದೆ. ತಮ್ಮ ಬಗ್ಗೆ ಹೇಳಿಕೊಂಡದ್ದು: ಶಿರಸಿ, ಕೆಲಸ, ಯಕ್ಷಗಾನ, ತಂಬುಳಿ. ನೇರ ಪ್ರಶ್ನೆಗಳು: ಏನು ಹುಡುಕ್ತಿದ್ದೀರಿ, ಟ್ರೆಕ್ಕಿಂಗ್, ಊರು. ಭಾರದ ಮಾತು: ಮುರಿದ ಸಂಬಂಧ. ಕಾಗದ ಪೆನ್ನು ಏನೂ ಬೇಡ, ಓದುತ್ತಾ ಮನಸ್ಸಲ್ಲೇ ಗುರುತು ಹಾಕಿಕೊಂಡರೆ ಸಾಕು.

ಕೊನೆಯ 'ಸಾರಿ'ಯನ್ನೂ ಗಮನಿಸಿ. ಉದ್ದವಾಯಿತು ಅಂತ ಅವರಿಗೇ ಅಳುಕಿದೆ. ನಿಮ್ಮ ಉತ್ತರದಲ್ಲಿ ಆ ಅಳುಕು ಹೋಗುವಂಥ ಮಾತು ಒಂದು ಇರಬೇಕು. 'ಏನ್ರೀ, ಪ್ರಬಂಧ ಬರೆದಿದ್ದೀರಿ!' ಅನ್ನೋ ತಮಾಷೆ ಇಲ್ಲಿ ಬೇಡವೇ ಬೇಡ. ಸ್ನೇಹಿತರ ನಡುವೆ ಅದು ನಗು, ಮುಖವೇ ನೋಡದವರಿಗೆ ಅದು ಮೊಟಕಿದ ಹಾಗೆ.

ಹಂತ 3: ಎರಡೇ ಎಳೆ ಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಯಾವುದನ್ನು ಬಿಟ್ಟರೂ ಅವರಿಗೆ ಬೇಜಾರಾಗುತ್ತದೆ ಅನ್ನೋ ಭಯ. ಆದರೆ ಅಷ್ಟು ಉದ್ದ ಬರೆಯುವವರು ಸಾಮಾನ್ಯವಾಗಿ 'ಇದರಲ್ಲಿ ಯಾವುದಾದರೂ ಒಂದು ತಾಗಲಿ' ಅಂತಲೇ ಬರೆದಿರುತ್ತಾರೆ. ಹತ್ತಕ್ಕೂ ಒಂದೊಂದು ಸಾಲು ಹಂಚುವುದರ ಬದಲು ಎರಡನ್ನು ಗಟ್ಟಿಯಾಗಿ ಹಿಡಿದರೆ ಪೂರ್ತಿ ಓದಿದ್ದೀರಿ ಅಂತ ಅವರಿಗೇ ಗೊತ್ತಾಗುತ್ತದೆ.

ಮೊದಲ ಎಳೆ, ಅವರು ನಿಮ್ಮನ್ನು ನೋಡಿ ಹೇಳಿದ್ದರಲ್ಲಿ ಒಂದು. ಅವರು ಗಮನ ಇಟ್ಟು ನೋಡಿದ್ದಕ್ಕೆ ಅದು ಉತ್ತರ. ಎರಡನೇ ಎಳೆ, ಅವರ ಬದುಕಿನ ಒಂದು ಸಣ್ಣ ವಿವರ. ಅದರ ಬಗ್ಗೆ ನಿಮ್ಮ ಹತ್ತಿರವೂ ಹೇಳಲು ಏನಾದರೂ ಇರಬೇಕು. ಕೆಲಸವನ್ನು ಆರಿಸಬೇಡಿ. ಅದರಿಂದ ಹುಟ್ಟುವುದು 'ಯಾವ ಕಂಪನಿ, ವರ್ಕ್ ಫ್ರಮ್ ಹೋಮಾ' ಅನ್ನೋ ಸಂದರ್ಶನ. ಯಕ್ಷಗಾನ ನಿಮಗೆ ಗೊತ್ತಿಲ್ಲದಿದ್ದರೆ ಅದೂ ಬೇಡ. ಗೊತ್ತಿಲ್ಲದ್ದರ ಬಗ್ಗೆ ತೋರಿಸುವ ಉತ್ಸಾಹ ಎರಡನೇ ಸಾಲಿಗೇ ಸಪ್ಪೆಯಾಗುತ್ತದೆ. ನಮ್ಮ ಉದಾಹರಣೆಯ ಹುಡುಗಿಗೆ ಕವಲೇದುರ್ಗ ಅವರ ತಾಲೂಕಿನದ್ದೇ, ತಂಬುಳಿ ದಿನಾ ಮನೆಯಲ್ಲಿ ಮಾಡುವ ಅಡುಗೆ. ಈ ಎರಡು ಸಾಕು.

ನೇರ ಪ್ರಶ್ನೆಗಳಲ್ಲಿ 'ಏನು ಹುಡುಕ್ತಿದ್ದೀರಿ' ಅನ್ನೋದನ್ನು ಮಾತ್ರ ಹಾರಿಸಬೇಡಿ. ಅದಕ್ಕೆ ಒಂದು ಸಾಲಿನ ಪ್ರಾಮಾಣಿಕ ಉತ್ತರ ಕೊಡಿ. ಅವರು ತಮ್ಮದನ್ನು ಬಿಚ್ಚಿ ಹೇಳಿ ಕೇಳಿದ್ದಾರೆ. ನೀವು ಜಾರಿಕೊಂಡರೆ ಉಳಿದ ಐದು ಸಾಲು ಎಷ್ಟು ಚೆನ್ನಾಗಿದ್ದರೂ ಅದೇ ಮನಸ್ಸಲ್ಲಿ ಉಳಿಯುತ್ತದೆ.

ಹಂತ 4: ಬರೆಯಿರಿ

ಉದ್ದ ಎಷ್ಟಿರಲಿ? ಅವರದ್ದರ ಮೂರನೇ ಒಂದು ಭಾಗದಿಂದ ಸುಮಾರು ಅರ್ಧದವರೆಗೆ ಅಂತ ಇಟ್ಟುಕೊಳ್ಳಿ. ಫೋನಿನ ಪರದೆಯಲ್ಲಿ ಸ್ಕ್ರೋಲ್ ಮಾಡದೆ ಪೂರ್ತಿ ಕಂಡರೆ ಸರಿ. ಶುರುವಿನಲ್ಲೇ ಮೊದಲ ಎಳೆ ಬರಲಿ. ಹಾಯ್, ಹೇಗಿದ್ದೀರಾ ಅಂತ ಪೀಠಿಕೆ ಹಾಕುತ್ತಾ ಹೋಗಬೇಡಿ. ಪ್ರಶ್ನೆ ಒಂದೇ ಇರಲಿ.

"ಹೌದು, ಕವಲೇದುರ್ಗವೇ! ಬರೀ ಗೋಡೆ ನೋಡಿ ಹೇಳಿಬಿಟ್ರಲ್ಲ. ನನ್ನೂರು ತೀರ್ಥಹಳ್ಳಿ ಹತ್ರ, ಹಾಗಾಗಿ ಅದು ನಮಗೆ ಟ್ರೆಕ್ಕಿಂಗ್ ಅಲ್ಲ, ನೆಂಟರು ಬಂದಾಗ ಕರ್ಕೊಂಡು ಹೋಗೋ ಜಾಗ. ತಂಬುಳಿ ಬಗ್ಗೆ ಒಂದು ಅನುಮಾನ: ಜೀರಿಗೆ, ಕಾಳುಮೆಣಸನ್ನ ತುಪ್ಪದಲ್ಲಿ ಹುರಿದು ರುಬ್ತೀರೋ, ಹಸಿದೇ ಹಾಕ್ತೀರೋ? ನಮ್ಮನೇಲಿ ಅಮ್ಮಂಗೂ ಸೋದರತ್ತೆಗೂ ಇದರ ಮೇಲೇ ವಾದ. ನಾನೂ ಸೀರಿಯಸ್ ಆಗಿಯೇ ಇಲ್ಲಿದ್ದೀನಿ, ಆದ್ರೆ ಅವಸರ ಇಲ್ಲ. ಮತ್ತೆ ಸಾರಿ ಯಾಕೆ, ಓದೋಕೆ ಖುಷಿಯಾಯ್ತು. ನಾನು ಬರೆಯೋದು ಸ್ವಲ್ಪ, ಮಾತಾಡೋದು ಜಾಸ್ತಿ."

ಈ ಉತ್ತರ ಅವರ ಮೆಸೇಜಿನ ಸುಮಾರು ಅರ್ಧದಷ್ಟಿದೆ, ಅಷ್ಟೇ. ಆದರೂ ಮೂರು ಪ್ರಶ್ನೆಗೂ ಉತ್ತರ ಸಿಕ್ಕಿದೆ. ಊರು ಮತ್ತು ಟ್ರೆಕ್ಕಿಂಗ್ ಒಂದೇ ಸಾಲಿನಲ್ಲಿ ಮುಗಿದವು, ಅದೂ ಅರ್ಜಿ ತುಂಬಿದ ಹಾಗೆ ಕಾಣದೆ. ತಂಬುಳಿಯ ಪ್ರಶ್ನೆ ಅವರು ಹೇಳಿದ ಕಷ್ಟಕ್ಕೇ ಕೈ ಹಾಕುತ್ತದೆ. 'ಅಡುಗೆ ಇಷ್ಟಾನಾ?' ಅಂತ ಕೇಳಿದ್ದರೆ 'ಹೌದು' ಅಂತ ಬರುತ್ತಿತ್ತು, ಅಷ್ಟೇ. ಹುರಿದೋ ಹಸಿಯೋ ಅಂತ ಕೇಳಿದರೆ ಅವರು ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ಬಂದು ಉತ್ತರ ಕೊಟ್ಟರೂ ಆಶ್ಚರ್ಯವಿಲ್ಲ. ಕೊನೆಯ ಎರಡು ಸಾಲು ಉದ್ದದ ಲೆಕ್ಕ ಚುಕ್ತಾ ಮಾಡುತ್ತವೆ. ನಿಮ್ಮ ಉದ್ದ ನನಗೆ ಇಷ್ಟವಾಯಿತು, ನನ್ನದು ಇಷ್ಟೇ ಇರುತ್ತದೆ, ತಪ್ಪು ತಿಳಿಯಬೇಡಿ ಅಂತ ಮೊದಲ ದಿನವೇ ಹೇಳಿದಂತಾಯಿತು. ಈ ಮಾತನ್ನು ಈಗ ಹೇಳುವುದು ಸುಲಭ. ಹತ್ತು ಮೆಸೇಜ್ ಆದ ಮೇಲೆ ಹೇಳಿದರೆ ಬೇಜಾರು ಬಂದು ಹೇಳಿದ ಹಾಗಿರುತ್ತದೆ. ನಿಜಕ್ಕೂ ನೀವು ಮಾತಿನಲ್ಲೂ ಮೌನಿಯಾದರೆ ಕೊನೆಯ ಸಾಲು ಬೇಡ, 'ನಾನು ನಿಧಾನಕ್ಕೆ ತೆರೆದುಕೊಳ್ಳೋಳು' ಅಂತ ಬರೆಯಿರಿ.

ಮುರಿದ ಸಂಬಂಧದ ಬಗ್ಗೆ ಒಂದಕ್ಷರವೂ ಇಲ್ಲ, ನೋಡಿದಿರಾ? ಬೇಕೆಂದೇ ಬಿಟ್ಟದ್ದು. ಹೋದ ವರ್ಷದ ವಿಷಯ, ಸುಧಾರಿಸಿಕೊಂಡಿದ್ದೇನೆ ಅಂತ ಅವರೇ ಹೇಳಿದ್ದಾರೆ. ಅದು ಮಾಹಿತಿ, ಮಾತಿಗೆ ಕರೆ ಅಲ್ಲ. 'ಅಯ್ಯೋ, ಏನಾಯ್ತು?' ಅಂದರೆ ನಿಮ್ಮ ಮೊದಲ ಮಾತುಕತೆ ಅವರ ಹಳೇ ಪ್ರೇಮದ ಸುತ್ತ ತಿರುಗುತ್ತದೆ. ಅದು ಮುಂದೆ ಎದುರು ಕೂತಾಗ ಬರಲಿ.

ಆದರೆ ಗಾಯ ಹಸಿಯಾಗಿದ್ದರೆ ಲೆಕ್ಕ ಬೇರೆ. 'ಈ ವಾರ ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಅದಕ್ಕೆ ತಡವಾಗಿ ಬರೀತಿದ್ದೀನಿ' ಅಂತ ಇದ್ದರೆ ಕವಲೇದುರ್ಗವನ್ನೆಲ್ಲ ಬದಿಗಿಡಿ. ಮೊದಲ ಸಾಲೇ "ಅಪ್ಪ ಈಗ ಹೇಗಿದ್ದಾರೆ?" ಆಗಬೇಕು. ಉಳಿದದ್ದು ಎರಡೇ ಸಾಲಿರಲಿ, "ನಿಧಾನಕ್ಕೆ ಉತ್ತರ ಕೊಡಿ, ಅವಸರ ಇಲ್ಲ" ಅಂತ ಸೇರಿಸಿ.

ಬರೆದ ಮೇಲೆ ಕಳಿಸುವ ಮುಂಚೆ ಒಮ್ಮೆ ನೋಡಿ. 'ಎಷ್ಟು ಚೆನ್ನಾಗಿ ಬರೀತೀರಾ, ವಾವ್' ಅನ್ನುವಂಥ ಬರೀ ಹೊಗಳಿಕೆ ಆಗಿದೆಯೇ? ಅದಕ್ಕೆ ಅವರು 'ಥ್ಯಾಂಕ್ಸ್' ಬಿಟ್ಟು ಏನು ಹೇಳಲು ಸಾಧ್ಯ! '1. ಹೌದು 2. ಇಲ್ಲ 3. ತೀರ್ಥಹಳ್ಳಿ' ಅನ್ನೋ ಥರ ಆಗಿದೆಯೇ? ಅಥವಾ 'ನನ್ನ ಬಗ್ಗೆ ಹೇಳೋಕೆ ಏನಿಲ್ಲ, ನೀವೇ ಹೇಳಿ' ಅಂತ ಭಾರವನ್ನೆಲ್ಲ ವಾಪಸ್ ಅವರ ಮೇಲೇ ಹಾಕಿದ್ದೀರಾ? ಈ ಮೂರರಲ್ಲಿ ಯಾವುದಾದರೂ ಕಂಡರೆ ಹಂತ 3ಕ್ಕೆ ವಾಪಸ್ ಹೋಗಿ.

ಹಂತ 5: ಉದ್ದದ ಬದಲು ಧಾಟಿ ಹೊಂದಿಸಿ

ಅವರು 'ನೀವು' ಅಂದಿದ್ದರೆ ನೀವೂ 'ನೀವು' ಅನ್ನಿ. 'ನೀನು' ಅನ್ನೋದಕ್ಕೆ ಇಳಿಯುವುದು ತಾನಾಗೇ ಆಗುತ್ತದೆ, ಇಲ್ಲವೇ ಒಬ್ಬರು ಕೇಳುತ್ತಾರೆ. ಸಲುಗೆ ತೋರಿಸಲು 'ಗುರು', 'ಮಗಾ' ಅಂದರೆ ಸ್ನೇಹಿತರ ಪಟ್ಟಿಗೆ ಸೇರಿಸಿದ ಹಾಗೆ. ಅಭ್ಯಾಸ ಬಲದಿಂದ 'ಅಣ್ಣಾ' ಅಂತ ಬಂತೋ, ಮುಂದಿನ ಹಂತ ಓದುವ ಅಗತ್ಯವೇ ಇಲ್ಲ.

ಅವರು ಕನ್ನಡ ಅಕ್ಷರದಲ್ಲಿ ಬರೆದಿದ್ದರೆ ನೀವೂ ಪ್ರಯತ್ನಿಸಿ. ಟೈಪ್ ಮಾಡುವುದು ಕಷ್ಟವಾದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಪೂರ್ತಿ ಇಂಗ್ಲಿಷಿಗೆ ಹಾರಿದರೆ ಮಾತ್ರ ಸ್ವಲ್ಪ ದೂರ ಸರಿದ ಹಾಗನ್ನಿಸುತ್ತದೆ. ಎಮೋಜಿಯೂ ಅಷ್ಟೇ: ಅವರು ಒಂದೂ ಹಾಕಿರದಿದ್ದರೆ ನಿಮ್ಮದು ಒಂದೆರಡಕ್ಕೆ ನಿಲ್ಲಲಿ.

ಉದ್ದ ಬರೆಯಲು ಬೇಜಾರು ಅಂತ ಮೂರು ನಿಮಿಷದ ವಾಯ್ಸ್ ನೋಟ್ ಕಳಿಸಬೇಡಿ. ಓದುವುದನ್ನು ಆಫೀಸಲ್ಲಿ ಕೂತೂ ಓದಬಹುದು, ಕೇಳುವುದಕ್ಕೆ ಇಯರ್‌ಫೋನ್ ಹುಡುಕಬೇಕು.

ಹಂತ 6: ಅವರ ಎರಡನೇ ಮೆಸೇಜ್ ನೋಡಿ

ನಿಮ್ಮ ಉತ್ತರ ನಾಟಿತೋ ಇಲ್ಲವೋ ಅಂತ ಗೊತ್ತಾಗುವುದು ಇಲ್ಲಿ. ಅವರೂ ಸ್ವಲ್ಪ ಇಳಿದು, ತಂಬುಳಿಗೆ ಉತ್ತರ ಕೊಟ್ಟು, ಒಂದು ಪ್ರಶ್ನೆ ಕೇಳಿದರೆ ಇಬ್ಬರ ಅಳತೆಯೂ ಕೂಡಿಬಂತು ಅಂತ ಅರ್ಥ. ಹೆಚ್ಚಿನ ಸಲ ಹೀಗೇ ಆಗುತ್ತದೆ. ಮೊದಲ ಮೆಸೇಜ್ ಉದ್ದವಾಗಿದ್ದದ್ದು ಅಳುಕಿನಿಂದ, ಉತ್ತರ ಸಿಕ್ಕ ಮೇಲೆ ಅಳುಕು ಕಡಿಮೆಯಾಗುತ್ತದೆ.

ಮತ್ತೆ ನಾಲ್ಕು ಪ್ಯಾರಾ ಬಂದರೆ? ಅದು ಅವರ ಸ್ವಭಾವ, ಬರೆಯುತ್ತಲೇ ಯೋಚಿಸುವವರು ಇರುತ್ತಾರೆ. ನೀವು ಉದ್ದ ಮಾಡಬೇಡಿ, ಮತ್ತೆ ಎರಡೇ ಎಳೆ ಹಿಡಿಯಿರಿ. ಮೂರನೇ ಸಲವೂ ಹಾಗೇ ಬಂದರೆ ಮಾತನ್ನು ಫೋನಿಗೆ ತಿರುಗಿಸುವುದು ಒಳ್ಳೆಯದು. ಬಂಬಲ್‌ನಂಥ ಕೆಲವು ಆ್ಯಪ್‌ಗಳಲ್ಲಿ ನಂಬರ್ ಕೊಡದೆಯೇ ಒಳಗಿಂದಲೇ ಕಾಲ್ ಮಾಡಬಹುದು.

ಕೆಲವೊಮ್ಮೆ 'ನಾನು ಇಷ್ಟು ಬರೆದೆ, ನೀವು ಇಷ್ಟೇನಾ?' ಅಂತ ಆಕ್ಷೇಪ ಬರುತ್ತದೆ. ಒಮ್ಮೆ ನಗುತ್ತಾ ಕೇಳಿದರೆ ನಗುತ್ತಾ ಉತ್ತರ ಕೊಡಿ. ಆದರೆ ನಿಮ್ಮ ಚಿಕ್ಕ ಉತ್ತರಕ್ಕೆ ಮುನಿಸು, ದಿನಕ್ಕೆ ನಾಲ್ಕು ಸಲ 'ಯಾಕೆ ರಿಪ್ಲೈ ಇಲ್ಲ', ಪರಿಚಯವಾಗಿ ಮೂರು ದಿನಕ್ಕೇ 'ನಿಮ್ಮಂಥೋರು ಸಿಕ್ಕೇ ಇರಲಿಲ್ಲ, ನೀವೇ ನನ್ನ ಬದುಕು' ಅಂತ ಬಂದರೆ ಹುಷಾರು. ಇದಕ್ಕೆ ಲವ್ ಬಾಂಬಿಂಗ್ ಅನ್ನುತ್ತಾರೆ, ಅಂದರೆ ಪ್ರೀತಿಯನ್ನು ಒಮ್ಮೆಲೇ ಸುರಿದು ನಿಮ್ಮನ್ನು ಋಣದಲ್ಲಿ ಕೆಡವುವುದು. ಉದ್ದ ಮೆಸೇಜ್ ಬರೆಯುವವರೆಲ್ಲ ಹೀಗಲ್ಲ. ನೀವು ನಿಧಾನ ಮಾಡಿದಾಗ ಅವರು ಏನು ಮಾಡುತ್ತಾರೆ ಅನ್ನೋದನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಉದ್ದ ಬರೆಯುವ ಅಭ್ಯಾಸದವರು ಕಾಯುತ್ತಾರೆ. ಇವರು ಒತ್ತಾಯ ಜಾಸ್ತಿ ಮಾಡುತ್ತಾರೆ.

ಫೋನಿಗೆ ಕರೆಯುವಾಗ ಸಮಯವನ್ನೂ ಅವಧಿಯನ್ನೂ ನೀವೇ ಹೇಳಿ. ಬರೆಯುವಾಗ ಅಷ್ಟು ಉದ್ದ ಹೋಗುವವರು ಮಾತಿಗೆ ಕೂತರೆ ಗಂಟೆಗಟ್ಟಲೆ ಹೋಗಬಹುದು. "ತಂಬುಳಿ ವಾದ ಟೈಪ್ ಮಾಡಿ ಮುಗಿಯೋದಲ್ಲ. ಶನಿವಾರ ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಮಾತಾಡೋಣ್ವಾ? ಏಳಕ್ಕೆ ನಾನು ಹೊರಗೆ ಹೋಗ್ಬೇಕು. ಭಾನುವಾರ ಬೆಳಗ್ಗೆ ಮಾತ್ರ ಮಾಡ್ಬೇಡಿ, ಪ್ರೊಫೈಲ್ ಓದಿದ್ದೀರಲ್ಲ."